ಡಿಸಿ ಮೋಟಾರ್ ಡ್ರೈವ್‌ನ ಎರಡು ಲೂಪ್‌ಗಳು: ಕರೆಂಟ್‌ಗೆ ಎಷ್ಟು ಹರ್ಟ್ಸ್, ಸ್ಪೀಡ್‌ಗೆ ಎಷ್ಟು?

ಒಳಗೆ ಕರೆಂಟ್ ಲೂಪ್, ಹೊರಗೆ ಸ್ಪೀಡ್ ಲೂಪ್. ಸ್ಪೀಡ್ ಲೂಪ್ ಕೊಡುವ ಔಟ್‌ಪುಟ್ಟೇ ಕರೆಂಟ್ ಲೂಪ್‌ನ ಗುರಿ. ಕರೆಂಟ್ ಲೂಪ್ ಕೊಡುವ ಔಟ್‌ಪುಟ್ ಮೋಟಾರಿಗೆ ಹಾಕಬೇಕಾದ ವೋಲ್ಟೇಜ್. ಇಷ್ಟು ಎಲ್ಲರಿಗೂ ಗೊತ್ತಿರುತ್ತೆ. "ಒಳಗಿನ ಲೂಪ್ ಹೊರಗಿನದಕ್ಕಿಂತ ಹತ್ತು ಪಟ್ಟು ಫಾಸ್ಟ್ ಇರಬೇಕು" ಅನ್ನುವುದೂ ಗೊತ್ತಿರುತ್ತೆ. ಆದರೆ ಆ ಹತ್ತು ಪಟ್ಟಿನ ನಿಯಮವನ್ನೇ ನಂಬಿಕೊಂಡು, ಕರೆಂಟ್ ಲೂಪ್ 1 ಕಿಲೊಹರ್ಟ್ಸ್ ಬಂತು, ಹಾಗಾದರೆ ಸ್ಪೀಡ್ ಲೂಪ್ 100 ಹರ್ಟ್ಸ್ ಅಂತ ಸುಮ್ನೆ ಭಾಗಿಸಿ ಬರೆದುಬಿಟ್ಟರೆ ಮೋಟಾರ್ ಕಿರುಚುತ್ತೆ. ಯಾಕೆ ಅನ್ನುವುದನ್ನು ಒಂದೇ ಮೋಟಾರ್ ಇಟ್ಟುಕೊಂಡು, ಲೆಕ್ಕ ಮಾಡುತ್ತಾ ನೋಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಹತ್ತು ಪಟ್ಟಿನ ನಿಯಮ ಮೇಲಿನ ಮಿತಿಯನ್ನು ಮಾತ್ರ ಹೇಳುತ್ತೆ. ಕರೆಂಟ್ ಲೂಪ್‌ನ ಬ್ಯಾಂಡ್‌ವಿಡ್ತನ್ನು ತೀರ್ಮಾನಿಸುವುದು ಪಿಡಬ್ಲ್ಯುಎಂ ಮತ್ತು ಪ್ರೊಸೆಸರ್‌ನ ವಿಳಂಬ. ಸ್ಪೀಡ್ ಲೂಪ್‌ನದನ್ನು ತೀರ್ಮಾನಿಸುವುದು ಹೆಚ್ಚಿನ ಸಲ ನೀವು ಸ್ಪೀಡನ್ನು ಹೇಗೆ ಅಳೆಯುತ್ತೀರಿ ಅನ್ನುವುದು. ಎರಡಕ್ಕೂ ಬೇರೆ ಬೇರೆ ಕಾರಣ ಇದೆ, ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಇಟ್ಟುಕೊಂಡಿರುವ ಮೋಟಾರ್

ಬ್ರಷ್ ಇರುವ ಪರ್ಮನೆಂಟ್ ಮ್ಯಾಗ್ನೆಟ್ ಡಿಸಿ ಮೋಟಾರ್, 24 ವೋಲ್ಟ್ ಸಪ್ಲೈ, ಎಚ್-ಬ್ರಿಜ್.

```
R  = 0.5 ohm
L  = 0.5 mH
Ke = 0.05 V·s/rad,  Kt = 0.05 N·m/A
J  = 2e-4 kg·m²   (ರೋಟರ್ 0.5e-4 + ಲೋಡ್ 1.5e-4)
PWM = 20 kHz,  ಕರೆಂಟ್ ಲೂಪ್ Ts = 50 µs
ಸ್ಪೀಡ್ ಲೂಪ್ Ts = 1 ms
ಎನ್‌ಕೋಡರ್ = 1000 ಲೈನ್, ಅಂದರೆ ಸುತ್ತಿಗೆ 4000 ಕೌಂಟ್
ಕರೆಂಟ್ ಮಿತಿ = 10 A
```

ಇದರಿಂದ ಎರಡು ಸಂಖ್ಯೆ ಬರುತ್ತವೆ. L/R ಅಂದರೆ 1 ಮಿಲಿಸೆಕೆಂಡ್, ಇದು ಕರೆಂಟ್ ತಾನಾಗಿಯೇ ಏರಲು ತೆಗೆದುಕೊಳ್ಳುವ ಸಮಯ. R·J/(Kt·Ke) ಅಂದರೆ 40 ಮಿಲಿಸೆಕೆಂಡ್, ಇದು ಸ್ಪೀಡ್ ಏರುವ ಸಮಯ. ಎರಡರ ನಡುವೆ 40 ಪಟ್ಟು ಅಂತರ ಇದೆ. ಈ ಅಂತರ ಇರುವುದರಿಂದಲೇ ಎರಡು ಲೂಪ್ ಮಾಡಿ ಒಂದರೊಳಗೊಂದು ಕೂರಿಸುವುದಕ್ಕೆ ಆಗುತ್ತೆ.

1. ಮೊದಲು ಮೋಟಾರನ್ನು ಅಳೆಯಿರಿ

ಡೇಟಾಶೀಟ್ ಇದ್ದರೂ ಅಳೆಯಿರಿ. R ಅಳೆಯಲು ಶಾಫ್ಟನ್ನು ಗಟ್ಟಿಯಾಗಿ ಹಿಡಿಸಿ, ಕಡಿಮೆ ವೋಲ್ಟೇಜ್ ಕೊಟ್ಟು, ಕರೆಂಟ್ ನೋಡಿ ಭಾಗಿಸಿ. ಬ್ರಷ್ ಯಾವ ಕಮ್ಯುಟೇಟರ್ ಪಟ್ಟಿಯ ಮೇಲೆ ನಿಂತಿದೆ ಅನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತೆ, ಅದಕ್ಕೆ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಕೆಲವು ಸಲ ಅಳೆದು ಸರಾಸರಿ ತೆಗೆಯಿರಿ. ಡ್ರೈವ್‌ನ ಸ್ವಿಚ್‌ಗಳ ಮತ್ತು ವೈರಿನ ರೆಸಿಸ್ಟೆನ್ಸ್ ಕೂಡ ಇದರೊಳಗೇ ಸೇರಲಿ, ಲೂಪ್‌ಗೆ ಕಾಣುವುದು ಒಟ್ಟು R ತಾನೆ.

L ಅಳೆಯಲು ಅದೇ ಸ್ಥಿತಿಯಲ್ಲಿ ಒಂದು ವೋಲ್ಟೇಜ್ ಸ್ಟೆಪ್ ಕೊಡಿ, ಸ್ಕೋಪಿನಲ್ಲಿ ಕರೆಂಟ್ ನೋಡಿ. ಅಂತಿಮ ಮೌಲ್ಯದ 63%ಗೆ ಎಷ್ಟು ಹೊತ್ತಿಗೆ ಬರುತ್ತೋ ಅದು L/R. ನಮ್ಮ ಮೋಟಾರಿನಲ್ಲಿ 1 ಮಿಲಿಸೆಕೆಂಡ್ ಬಂತು, R ಗೊತ್ತಿದೆ, L ಸಿಕ್ಕಿತು.

Ke ಸುಲಭ. ಲೋಡ್ ಇಲ್ಲದೆ ಓಡಿಸಿ, ವೋಲ್ಟೇಜ್‌ನಿಂದ I·R ಕಳೆದು ಸ್ಪೀಡಿನಿಂದ ಭಾಗಿಸಿ. ಸ್ಪೀಡ್ ರೇಡಿಯನ್ ಪರ್ ಸೆಕೆಂಡಿನಲ್ಲಿದ್ದರೆ Kt ಕೂಡ ಅದೇ ಸಂಖ್ಯೆ.

J ಮಾತ್ರ ಈಗಲೇ ಬೇಡ. ಕರೆಂಟ್ ಲೂಪ್ ಕೆಲಸ ಮಾಡಲು ಶುರುವಾದ ಮೇಲೆ ಅದನ್ನು ಅಳೆಯುವುದು ತುಂಬಾ ಸಲೀಸು, ಮುಂದೆ ಹೇಳುತ್ತೇನೆ.

2. ಕರೆಂಟ್ ಲೂಪ್‌ನ ಬ್ಯಾಂಡ್‌ವಿಡ್ತ್ ಆರಿಸಿ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಲೂಪಿನಲ್ಲಿ ಒಟ್ಟು ವಿಳಂಬ ಎಷ್ಟು? ಕರೆಂಟ್ ಸ್ಯಾಂಪಲ್ ತೆಗೆದು, ಲೆಕ್ಕ ಮಾಡಿ, ಹೊಸ ಡ್ಯೂಟಿ ಮುಂದಿನ ಪಿಡಬ್ಲ್ಯುಎಂ ಚಕ್ರದಲ್ಲಿ ಜಾರಿಗೆ ಬರುವಷ್ಟರಲ್ಲಿ ಒಂದು Ts ಹೋಗಿರುತ್ತೆ. ಆ ಡ್ಯೂಟಿ ಇಡೀ ಚಕ್ರ ಹಾಗೆಯೇ ಇರುವುದರಿಂದ ಇನ್ನೂ ಅರ್ಧ Ts. ಒಟ್ಟು 1.5 Ts, ಅಂದರೆ 75 ಮೈಕ್ರೊಸೆಕೆಂಡ್. ಈ ವಿಳಂಬ ತಿನ್ನುವ ಫೇಸ್ ಹೀಗೆ:

```
ಡಿಗ್ರಿ = 360 × f × Td
```

1 ಕಿಲೊಹರ್ಟ್ಸ್‌ನಲ್ಲಿ 27 ಡಿಗ್ರಿ. 2 ಕಿಲೊಹರ್ಟ್ಸ್‌ನಲ್ಲಿ 54 ಡಿಗ್ರಿ. ಈಗ ಪಿಐ ಕಂಟ್ರೋಲರ್‌ನ ಝೀರೊವನ್ನು ಮೋಟಾರಿನ R/L ಪೋಲ್ ಮೇಲೆಯೇ ಕೂರಿಸಿದರೆ ಲೂಪ್‌ನಲ್ಲಿ ಉಳಿಯುವುದು ಬರೀ ಒಂದು ಇಂಟಿಗ್ರೇಟರ್, ಅದು 90 ಡಿಗ್ರಿ ತಿನ್ನುತ್ತೆ. ಹಾಗಾದರೆ 1 ಕಿಲೊಹರ್ಟ್ಸ್‌ಗೆ ಫೇಸ್ ಮಾರ್ಜಿನ್ 180 − 90 − 27 = 63 ಡಿಗ್ರಿ. ಚೆನ್ನಾಗಿದೆ. 2 ಕಿಲೊಹರ್ಟ್ಸ್‌ಗೆ 36 ಡಿಗ್ರಿ ಮಾತ್ರ, ಸ್ಟೆಪ್ ಕೊಟ್ಟರೆ ಅಲುಗಾಡುತ್ತೆ.

ಅಂದರೆ ಪಿಡಬ್ಲ್ಯುಎಂ ಫ್ರೀಕ್ವೆನ್ಸಿಯ ಇಪ್ಪತ್ತನೇ ಒಂದು ಭಾಗ ನೆಮ್ಮದಿಯ ಜಾಗ, ಹತ್ತನೇ ಒಂದು ಭಾಗ ಅಂಚಿನ ಹತ್ತಿರ. ನಾನು 1 ಕಿಲೊಹರ್ಟ್ಸ್ ಆರಿಸುತ್ತೇನೆ. ಇದಕ್ಕಿಂತ ಜಾಸ್ತಿ ಹೋಗಿ ಸಿಗುವುದು ಏನೂ ಇಲ್ಲ, ಯಾಕೆ ಅಂತ ಸ್ಪೀಡ್ ಲೂಪ್ ಬಂದಾಗ ಗೊತ್ತಾಗುತ್ತೆ.

ಗೇನ್‌ಗಳು:

```
wc = 2π × 1000 = 6283 rad/s
Kp = wc × L = 3.14 V/A
Ki = wc × R = 3142 V/(A·s)
Ki × Ts = 0.157
```

ಇಲ್ಲಿ ಒಂದು ಒಳ್ಳೆಯ ಸಂಗತಿ ಗಮನಿಸಿ. ಬ್ಯಾಂಡ್‌ವಿಡ್ತನ್ನು ತೀರ್ಮಾನಿಸುವುದು Kp ಮತ್ತು L, R ಅಲ್ಲ. ಮೋಟಾರ್ ಬಿಸಿಯಾದರೆ ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39% ಏರುತ್ತೆ, 80 ಡಿಗ್ರಿ ಬಿಸಿಯೇರಿದರೆ 0.5 ಓಮ್ ಇದ್ದದ್ದು 0.65 ದಾಟುತ್ತೆ. ಆದರೂ ಲೂಪ್‌ನ ವೇಗ ಹೆಚ್ಚು ಕಡಿಮೆ ಅಲ್ಲೇ ಇರುತ್ತೆ, ಝೀರೊ ಮತ್ತು ಪೋಲ್ ಸ್ವಲ್ಪ ಬೇರೆಯಾಗಿ ರೆಸ್ಪಾನ್ಸಿನ ಕೊನೆಯಲ್ಲಿ ಒಂದು ಸಣ್ಣ ಬಾಲ ಕಾಣುತ್ತೆ ಅಷ್ಟೆ. L ಕಡಿಮೆಯಾದರೆ ಹಾಗಲ್ಲ. ಜಾಸ್ತಿ ಕರೆಂಟಿನಲ್ಲಿ ಕಬ್ಬಿಣ ಸ್ಯಾಚುರೇಟ್ ಆಗುವ ಮೋಟಾರುಗಳಲ್ಲಿ L ಇಳಿದು ಬ್ಯಾಂಡ್‌ವಿಡ್ತ್ ತಾನಾಗಿಯೇ ಮೇಲೆ ಹೋಗುತ್ತೆ, ಫೇಸ್ ಮಾರ್ಜಿನ್ ಕಡಿಮೆಯಾಗುತ್ತೆ. ಅಂಥ ಮೋಟಾರ್ ಆದರೆ ಪೂರ್ತಿ ಕರೆಂಟಿನಲ್ಲಿ ಎಷ್ಟು L ಇರುತ್ತೋ ಅದರಿಂದಲೇ Kp ಲೆಕ್ಕ ಹಾಕಿ.

ಇನ್ನು ಅಳತೆಯ ವಿಷಯ. ಯುನಿಪೋಲಾರ್ ಸ್ವಿಚಿಂಗ್‌ನಲ್ಲಿ, ಅಂದರೆ ಮೋಟಾರಿಗೆ 0 ಮತ್ತು 24 ವೋಲ್ಟ್ ನಡುವೆ ಸ್ವಿಚ್ ಆಗುವಾಗ, 50% ಡ್ಯೂಟಿಯಲ್ಲಿ ಕರೆಂಟ್ ರಿಪಲ್ V/(4·L·f), ನಮ್ಮಲ್ಲಿ 0.6 ಆಂಪಿಯರ್. ಇಷ್ಟು ರಿಪಲ್ ಮೇಲೆ ಎಲ್ಲೋ ಒಂದು ಕಡೆ ಸ್ಯಾಂಪಲ್ ತೆಗೆದರೆ ಸರಾಸರಿ ಸಿಗುವುದಿಲ್ಲ. ಪಿಡಬ್ಲ್ಯುಎಂ ಟೈಮರನ್ನು ಸೆಂಟರ್ ಅಲೈನ್ಡ್ ಇಟ್ಟು, ಕೌಂಟರ್‌ನ ತುದಿಯಲ್ಲಿ ಅಥವಾ ತಳದಲ್ಲಿ ಎಡಿಸಿಯನ್ನು ಟ್ರಿಗರ್ ಮಾಡಿ. ಆ ಕ್ಷಣದಲ್ಲಿ ಕರೆಂಟ್ ಸರಿಯಾಗಿ ಸರಾಸರಿಯ ಮೇಲೆ ಹಾದು ಹೋಗುತ್ತಿರುತ್ತೆ, ಸ್ವಿಚಿಂಗ್ ಗದ್ದಲದಿಂದಲೂ ದೂರ ಇರುತ್ತೆ. ಹೀಗೆ ಮಾಡಿದರೆ ಶಂಟ್ ಆಂಪ್ಲಿಫೈಯರ್ ಮುಂದೆ ದೊಡ್ಡ ಆರ್‌ಸಿ ಫಿಲ್ಟರ್ ಬೇಕಾಗುವುದೇ ಇಲ್ಲ. ಗದ್ದಲ ಜಾಸ್ತಿ ಅಂತ ಹೆದರಿ 1 ಕಿಲೊಹರ್ಟ್ಸ್ ಫಿಲ್ಟರ್ ಹಾಕಿದಿರೋ, ಅಲ್ಲೇ 45 ಡಿಗ್ರಿ ಕಳೆದುಕೊಂಡಿರಿ. 63ರಲ್ಲಿ ಉಳಿಯುವುದು 18. 20 ಕಿಲೊಹರ್ಟ್ಸ್ ಫಿಲ್ಟರ್ ಆದರೆ ಹೋಗುವುದು 3 ಡಿಗ್ರಿಗಿಂತ ಕಡಿಮೆ.

3. ಕರೆಂಟ್ ಲೂಪನ್ನು ಒಂಟಿಯಾಗಿ ಪರೀಕ್ಷಿಸಿ

ಸ್ಪೀಡ್ ಲೂಪ್ ಕೋಡನ್ನು ಇನ್ನೂ ಮುಟ್ಟಬೇಡಿ. ಶಾಫ್ಟನ್ನು ಕ್ಲಾಂಪ್ ಮಾಡಿ, ಗುರಿಯನ್ನು 1 ಆಂಪಿಯರ್‌ನಿಂದ 3ಕ್ಕೆ ಹಾರಿಸಿ, ಕೆಲವು ಮಿಲಿಸೆಕೆಂಡ್ ಇಟ್ಟು ಮತ್ತೆ 1ಕ್ಕೆ ಇಳಿಸಿ. ಜಾಸ್ತಿ ಹೊತ್ತು ಹಾಗೇ ಬಿಡಬೇಡಿ, ನಿಂತ ಮೋಟಾರಿನಲ್ಲಿ ಒಂದೇ ಬ್ರಷ್ ಜಾಗ ಬಿಸಿಯಾಗುತ್ತೆ.

10%ನಿಂದ 90%ಗೆ ಏರಲು 2.2/wc, ಅಂದರೆ 0.35 ಮಿಲಿಸೆಕೆಂಡ್ ಆಗಬೇಕು. ಸ್ಕೋಪಿನಲ್ಲಿ ಅದಕ್ಕೆ ಹತ್ತಿರ ಬಂದರೆ ನಿಮ್ಮ L, ಎಡಿಸಿ ಸ್ಕೇಲಿಂಗ್, ಡ್ಯೂಟಿ ಲೆಕ್ಕ ಎಲ್ಲಾ ಸರಿ ಇದೆ ಅಂತ ಅರ್ಥ. ಬರದಿದ್ದರೆ ರೂಪ ನೋಡಿ ಕಾರಣ ಹುಡುಕಬಹುದು. 2 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಅಲೆ ಅಲೆಯಾಗಿ ನಡುಗಿದರೆ, ನೀವು ಲೆಕ್ಕಕ್ಕೆ ತೆಗೆದುಕೊಂಡಿದ್ದಕ್ಕಿಂತ ಜಾಸ್ತಿ ವಿಳಂಬ ಎಲ್ಲೋ ಇದೆ ಅಥವಾ ನಿಜವಾದ L ಕಡಿಮೆ ಇದೆ. ಬೇಗ ಏರಿ, ಗುರಿಯ ಕೆಳಗೇ ನಿಂತು, ನಿಧಾನವಾಗಿ ತೆವಳಿಕೊಂಡು ಸೇರಿದರೆ Ki ಕಡಿಮೆ. ಗುರಿ ದಾಟಿ ಹೋಗಿ ನಿಧಾನವಾಗಿ ವಾಪಸ್ ಬಂದರೆ Ki ಜಾಸ್ತಿ. ಎಲ್ಲಾ ಸೇರಿ ಆರು ಪಟ್ಟು ನಿಧಾನ ಅಥವಾ ಆರು ಪಟ್ಟು ಜೋರು ಅನಿಸಿದರೆ ಹರ್ಟ್ಸ್ ಮತ್ತು ರೇಡಿಯನ್ ಅದಲು ಬದಲಾಗಿದೆ, ಮೊದಲು 2π ಹುಡುಕಿ.

ಪಿಐ ಕೊಡುವುದು ವೋಲ್ಟ್. ಅದನ್ನು ಡ್ಯೂಟಿ ಮಾಡಲು ಬಸ್ ವೋಲ್ಟೇಜಿನಿಂದ ಭಾಗಿಸಬೇಕು, ಅಲ್ವಾ? ಅಲ್ಲಿ 24 ಅಂತ ಗಟ್ಟಿಯಾಗಿ ಬರೆಯಬೇಡಿ. ಬ್ಯಾಟರಿ 29ಕ್ಕೆ ಏರಿದಾಗ ಲೂಪ್ ಗೇನ್ 20% ಏರಿರುತ್ತೆ. ಬಸ್ ವೋಲ್ಟೇಜನ್ನು ಅಳೆದು ಭಾಗಿಸಿ.

ಇನ್ನೊಂದು ಮಿತಿ ಇಲ್ಲೇ ಅರ್ಥ ಮಾಡಿಕೊಳ್ಳಬೇಕು. 1 ಕಿಲೊಹರ್ಟ್ಸ್ ಅನ್ನುವುದು ವೋಲ್ಟೇಜ್ ಮಿಕ್ಕಿರುವವರೆಗೆ ಮಾತ್ರ ನಿಜ. ಮೋಟಾರ್ 300 ರೇಡಿಯನ್ ಪರ್ ಸೆಕೆಂಡ್ ವೇಗದಲ್ಲಿದ್ದಾಗ ಬ್ಯಾಕ್ ಇಎಂಎಫ್ 15 ವೋಲ್ಟ್. 24ರಲ್ಲಿ ಉಳಿದದ್ದು 9. ಕರೆಂಟ್ ಸೊನ್ನೆಯ ಹತ್ತಿರ ಇದ್ದಾಗ ಗುರಿ 2.9 ಆಂಪಿಯರ್‌ಗಿಂತ ಜಾಸ್ತಿ ಹಾರಿದರೆ Kp × e ಆ 9 ವೋಲ್ಟನ್ನು ಮೀರುತ್ತೆ, ಬ್ರಿಜ್ ಪೂರ್ತಿ ತೆರೆದುಕೊಳ್ಳುತ್ತೆ, ಅಲ್ಲಿಂದ ಮುಂದೆ ಕರೆಂಟ್ ಏರುವ ವೇಗವನ್ನು ತೀರ್ಮಾನಿಸುವುದು ನಿಮ್ಮ ಗೇನ್ ಅಲ್ಲ, ಮಿಕ್ಕ ವೋಲ್ಟೇಜ್ ಮತ್ತು L. ಈ ಹೊತ್ತಿನಲ್ಲಿ ಇಂಟಿಗ್ರೇಟರ್ ಸುಮ್ನೆ ತುಂಬಿಕೊಳ್ಳದ ಹಾಗೆ ತಡೆಯುವ ಕೋಡ್ ಕರೆಂಟ್ ಲೂಪಿಗೂ ಬೇಕು.

4. ಈಗ J ಅಳೆಯಿರಿ

ಕ್ಲಾಂಪ್ ತೆಗೆಯಿರಿ, ಲೋಡ್ ಜೋಡಿಸಿಯೇ ಇರಲಿ. 3 ಆಂಪಿಯರ್ ಸ್ಥಿರ ಕರೆಂಟ್ ಕೊಟ್ಟು ಸ್ಪೀಡ್ ಏರುವ ದರ ನೋಡಿ, ಆಮೇಲೆ ಕರೆಂಟ್ ಸೊನ್ನೆ ಮಾಡಿ ಇಳಿಯುವ ದರ ನೋಡಿ. ಎರಡನ್ನೂ ಒಂದೇ ಸ್ಪೀಡಿನ ಹತ್ತಿರ ಓದಿಕೊಳ್ಳಿ. ಏರಿಕೆ 700 rad/s², ಇಳಿಕೆ 50 rad/s² ಬಂತು ಅಂದುಕೊಳ್ಳಿ. ಏರುವಾಗ ಘರ್ಷಣೆ ಎದುರು ನಿಲ್ಲುತ್ತೆ, ಇಳಿಯುವಾಗ ಅದೊಂದೇ ಕೆಲಸ ಮಾಡುತ್ತೆ, ಹಾಗಾಗಿ ಎರಡನ್ನೂ ಕೂಡಿಸಿದರೆ ಘರ್ಷಣೆ ಲೆಕ್ಕದಿಂದ ಹೊರಗೆ ಹೋಗುತ್ತೆ:

```
J = Kt × I / (700 + 50) = 0.15 / 750 = 2e-4 kg·m²
```

ಡೇಟಾಶೀಟಿನ ರೋಟರ್ J, ಲೋಡ್‌ನ ಚಿತ್ರ ನೋಡಿ ಊಹಿಸಿದ J, ಇವೆರಡನ್ನೂ ಕೂಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

5. ಸ್ಪೀಡ್ ಲೂಪ್: 100 ಹರ್ಟ್ಸ್ ಯಾಕೆ ಆಗುವುದಿಲ್ಲ

ಕರೆಂಟ್ ಲೂಪ್ ಸರಿ ಇದ್ದರೆ ಸ್ಪೀಡ್ ಲೂಪಿಗೆ ಮೋಟಾರ್ ತುಂಬಾ ಸರಳವಾಗಿ ಕಾಣುತ್ತೆ. ಒಂದು ಆಂಪಿಯರ್ ಕೇಳಿದರೆ ಸ್ಪೀಡ್ ಸೆಕೆಂಡಿಗೆ Kt/J = 250 rad/s ದರದಲ್ಲಿ ಏರುತ್ತೆ, ಅಷ್ಟೆ. R, L, ಬ್ಯಾಕ್ ಇಎಂಎಫ್ ಎಲ್ಲವನ್ನೂ ಒಳಗಿನ ಲೂಪ್ ನುಂಗಿಕೊಂಡಿದೆ. ಸ್ಪೀಡ್ ಲೂಪ್‌ನ ಗೇನ್:

```
Kp = wc × J / Kt
```

ಹತ್ತು ಪಟ್ಟಿನ ನಿಯಮದಂತೆ 100 ಹರ್ಟ್ಸ್ ಹಾಕಿ ನೋಡೋಣ. wc 628, Kp 2.51 A/(rad/s). ಈಗ ಎನ್‌ಕೋಡರ್ ಕಡೆ ತಿರುಗಿ. ಸುತ್ತಿಗೆ 4000 ಕೌಂಟ್, 1 ಮಿಲಿಸೆಕೆಂಡಿಗೊಮ್ಮೆ ಎಣಿಕೆ. ಒಂದು ಕೌಂಟ್ ಹೆಚ್ಚು ಕಡಿಮೆಯಾದರೆ ಸ್ಪೀಡ್ ಓದುವುದರಲ್ಲಿ ಆಗುವ ವ್ಯತ್ಯಾಸ 2π/4000/0.001 = 1.57 rad/s, ಅಂದರೆ 15 ಆರ್‌ಪಿಎಂ. ಮೋಟಾರ್ ಒಂದೇ ಸಮ ತಿರುಗುತ್ತಿದ್ದರೂ ಓದಿಕೆ ಒಂದು ಸಲ 60 ಕೌಂಟ್, ಮುಂದಿನ ಸಲ 61, ಮತ್ತೆ 60 ಅಂತ ಕುಣಿಯುತ್ತಲೇ ಇರುತ್ತೆ. ಆ ಒಂದೊಂದು ಕೌಂಟಿಗೂ ಕರೆಂಟ್ ಗುರಿ 1.57 × 2.51, ಹೆಚ್ಚು ಕಡಿಮೆ 4 ಆಂಪಿಯರ್ ಹಾರುತ್ತೆ. ಮಿತಿಯೇ 10 ಆಂಪಿಯರ್. ಕರೆಂಟ್ ಲೂಪ್ ಬಲು ಚುರುಕಾಗಿರುವುದರಿಂದ ಆ 4 ಆಂಪಿಯರನ್ನು ತಪ್ಪದೆ ಮೋಟಾರಿಗೆ ತಲುಪಿಸುತ್ತೆ. ಕೇಳುವ ಆ ಕರಕರ ಸದ್ದು, ಕಾರಣವಿಲ್ಲದೆ ಬಿಸಿಯಾಗುವ ಮೋಟಾರ್, ಎರಡೂ ಇದರದ್ದೇ.

ಸರಿ, ಸ್ಪೀಡ್ ಓದಿಕೆಯನ್ನು ನಯ ಮಾಡೋಣ. ಪ್ರತಿ ಮಿಲಿಸೆಕೆಂಡ್‌ಗೂ ಹೊಸದಾಗಿ ಲೆಕ್ಕ ಮಾಡಿ, ಆದರೆ ಕಳೆದ 4 ಮಿಲಿಸೆಕೆಂಡ್‌ನ ಕೌಂಟ್ ವ್ಯತ್ಯಾಸ ತೆಗೆದುಕೊಳ್ಳಿ. ಒಂದು ಕೌಂಟಿನ ಬೆಲೆ ಈಗ 0.39 rad/s. ನಾಲ್ಕು ಪಟ್ಟು ನಯವಾಯಿತು. ಆದರೆ ಅದಕ್ಕೆ ವಿಳಂಬದಲ್ಲಿ ತೆರಬೇಕು: 4 ಮಿಲಿಸೆಕೆಂಡ್ ಕಿಟಕಿಯ ಸರಾಸರಿ ಅಂದರೆ 2 ಮಿಲಿಸೆಕೆಂಡ್ ಹಳೆಯ ಸುದ್ದಿ. ಕರೆಂಟ್ ಗುರಿ 1 ಮಿಲಿಸೆಕೆಂಡ್ ಹಾಗೇ ಹಿಡಿದಿರುವುದರಿಂದ ಇನ್ನೂ 0.5. ಕರೆಂಟ್ ಲೂಪಿನದು 1/6283, ಅಂದರೆ 0.16. ಒಟ್ಟು 2.66 ಮಿಲಿಸೆಕೆಂಡ್.

ಇದರಲ್ಲಿ ಕರೆಂಟ್ ಲೂಪಿನ ಪಾಲು ಎಷ್ಟು ಚಿಕ್ಕದು ನೋಡಿ. ಕರೆಂಟ್ ಲೂಪನ್ನು 1ರಿಂದ 2 ಕಿಲೊಹರ್ಟ್ಸ್‌ಗೆ ಏರಿಸಲು ಒದ್ದಾಡಿದರೂ 2.66ರಲ್ಲಿ 0.08 ಕಡಿಮೆಯಾಗುತ್ತೆ. ನಾನು ಮೇಲೆ 1 ಕಿಲೊಹರ್ಟ್ಸ್ ಸಾಕು ಅಂದದ್ದು ಇದಕ್ಕೆ.

ಈಗ ಬೇರೆ ಬೇರೆ ಬ್ಯಾಂಡ್‌ವಿಡ್ತ್‌ಗೆ ಈ ವಿಳಂಬ ಎಷ್ಟು ಡಿಗ್ರಿ ತಿನ್ನುತ್ತೆ ಅಂತ ನೋಡಿ. 100 ಹರ್ಟ್ಸ್‌ನಲ್ಲಿ 96 ಡಿಗ್ರಿ. ನಮ್ಮ ಹತ್ತಿರ ಇದ್ದದ್ದೇ 90, ಹಾಗಾಗಿ ಲೂಪ್ ಸ್ಥಿರವಾಗಿರಲು ಸಾಧ್ಯವೇ ಇಲ್ಲ. 40 ಹರ್ಟ್ಸ್‌ನಲ್ಲಿ 38 ಡಿಗ್ರಿ. 20 ಹರ್ಟ್ಸ್‌ನಲ್ಲಿ 19 ಡಿಗ್ರಿ. ಇದರ ಮೇಲೆ ಪಿಐ ಝೀರೊ ಕೂಡ ಸ್ವಲ್ಪ ತಿನ್ನುತ್ತೆ. ಝೀರೊವನ್ನು ಬ್ಯಾಂಡ್‌ವಿಡ್ತ್‌ನ ಐದನೇ ಒಂದು ಭಾಗದಲ್ಲಿ ಇಟ್ಟರೆ ಅದು 11 ಡಿಗ್ರಿ. ಹಾಗಾಗಿ 40 ಹರ್ಟ್ಸ್‌ಗೆ ಮಾರ್ಜಿನ್ ಸುಮಾರು 40 ಡಿಗ್ರಿ, 20 ಹರ್ಟ್ಸ್‌ಗೆ ಸುಮಾರು 60.

ನಾನು 20 ಹರ್ಟ್ಸ್ ತೆಗೆದುಕೊಳ್ಳುತ್ತೇನೆ.

```
wc = 2π × 20 = 125.7 rad/s
Kp = 125.7 × 2e-4 / 0.05 = 0.503 A/(rad/s)
Ki = Kp × wc / 5 = 12.6 A/rad
Ki × Ts = 0.0126
```

ಒಂದು ಕೌಂಟ್ ಕುಣಿದರೆ ಕರೆಂಟ್ ಈಗ 0.39 × 0.503, ಸುಮಾರು 0.2 ಆಂಪಿಯರ್ ಅಲುಗುತ್ತೆ. ಪಿಡಬ್ಲ್ಯುಎಂ ರಿಪಲ್ಲೇ 0.6 ಇದೆ, ಇದು ಕಿವಿಗೂ ಕೈಗೂ ಗೊತ್ತಾಗುವುದಿಲ್ಲ. ಎರಡು ಲೂಪ್‌ಗಳ ಅಂತರ 50 ಪಟ್ಟು ಬಂತು. ಹತ್ತು ಪಟ್ಟಿಗಿಂತ ಎಷ್ಟೋ ಜಾಸ್ತಿ, ಆದರೆ ಇದರಲ್ಲಿ ತಪ್ಪೇನೂ ಇಲ್ಲ. ಇನ್ನೂ ಫಾಸ್ಟ್ ಬೇಕು ಅನಿಸಿದರೆ ದುಡ್ಡನ್ನೂ ಸಮಯವನ್ನೂ ಹಾಕಬೇಕಾದದ್ದು ಎನ್‌ಕೋಡರ್ ಕಡೆಗೆ: ಜಾಸ್ತಿ ಲೈನ್ ಇರುವ ಎನ್‌ಕೋಡರ್, ಅಥವಾ ಕೌಂಟ್ ಎಣಿಸುವ ಬದಲು ಎರಡು ಅಂಚುಗಳ ನಡುವಿನ ಸಮಯವನ್ನು ಟೈಮರ್‌ನಿಂದ ಅಳೆಯುವುದು. ನಿಧಾನ ವೇಗದಲ್ಲಂತೂ ಸಮಯ ಅಳೆಯುವುದೇ ದಾರಿ. 10 ಆರ್‌ಪಿಎಂನಲ್ಲಿ ಒಂದು ಕೌಂಟ್ ಬರಲು 1.5 ಮಿಲಿಸೆಕೆಂಡ್ ಬೇಕು, ಎಣಿಸಲು ಅಲ್ಲಿ ಏನೂ ಇರುವುದಿಲ್ಲ.

ಲೋಡ್ ಮತ್ತು ಮೋಟಾರ್ ನಡುವೆ ಬೆಲ್ಟ್, ಉದ್ದನೆಯ ಶಾಫ್ಟ್, ಮೆತ್ತನೆಯ ಕಪ್ಲಿಂಗ್ ಇದ್ದರೆ ಇನ್ನೊಂದು ಮಿತಿ ಬರುತ್ತೆ: ಅದು ತಿರುಚಿಕೊಂಡು ಕಂಪಿಸುವ ಫ್ರೀಕ್ವೆನ್ಸಿ. ಸ್ಪೀಡ್ ಗೇನ್ ಏರಿಸುತ್ತಾ ಹೋದಾಗ ಯಾವಾಗಲೂ ಒಂದೇ ಸ್ವರದಲ್ಲಿ ಗುಂಯ್‌ಗುಡಲು ಶುರುವಾದರೆ, ಆ ಸ್ವರ ಗೇನ್ ಬದಲಾಯಿಸಿದರೂ ಬದಲಾಗದಿದ್ದರೆ, ಅದು ಕಪ್ಲಿಂಗ್. ಗೇನ್ ಜೊತೆಗೆ ಸ್ವರವೂ ಜಾರಿದರೆ ಅದು ವಿಳಂಬ.

6. ಮಿತಿ ಮತ್ತು ಇಂಟಿಗ್ರೇಟರ್

ಸ್ಪೀಡ್ ಲೂಪಿನ ಔಟ್‌ಪುಟ್ಟನ್ನು 10 ಆಂಪಿಯರ್‌ಗೆ ಕಟ್ಟಿಹಾಕಲೇಬೇಕು. ಎರಡು ಲೂಪ್ ಮಾಡುವುದರ ದೊಡ್ಡ ಲಾಭವೇ ಇದು, ಮೋಟಾರಿಗೂ ಬ್ರಿಜ್‌ಗೂ ರಕ್ಷಣೆ ತಾನಾಗಿ ಸಿಗುತ್ತೆ. ಆದರೆ Kp 0.503 ಇರುವಾಗ 20 rad/s ತಪ್ಪಿಗೇ ಮಿತಿ ಮುಟ್ಟುತ್ತೆ, ಅಂದರೆ 190 ಆರ್‌ಪಿಎಂ. ಇದಕ್ಕಿಂತ ದೊಡ್ಡ ಸ್ಟೆಪ್ ಯಾವುದನ್ನು ಕೊಟ್ಟರೂ 20 ಹರ್ಟ್ಸ್ ಅನ್ನುವುದಕ್ಕೆ ಅರ್ಥ ಇರುವುದಿಲ್ಲ, ಮೋಟಾರ್ 10 ಆಂಪಿಯರ್‌ನಲ್ಲಿ 2500 rad/s² ದರದಲ್ಲಿ ಓಡುತ್ತೆ ಅಷ್ಟೆ.

ಸೊನ್ನೆಯಿಂದ 200 rad/s ಗುರಿ ಕೊಟ್ಟಿರಿ ಅಂದುಕೊಳ್ಳಿ. ಸೇರಲು 80 ಮಿಲಿಸೆಕೆಂಡ್. ಅಷ್ಟು ಹೊತ್ತು ತಪ್ಪು ಸರಾಸರಿ 100 rad/s. ಇಂಟಿಗ್ರೇಟರನ್ನು ತಡೆಯದಿದ್ದರೆ ಅದರಲ್ಲಿ 100 × 0.08 × 12.6, ಅಂದರೆ ಸುಮಾರು 100 ಆಂಪಿಯರ್ ತುಂಬಿಕೊಂಡಿರುತ್ತೆ. ಅದು ಖಾಲಿಯಾಗಲು ಮೋಟಾರ್ ಗುರಿ ದಾಟಿ ಬಹಳ ದೂರ ಹೋಗಿ, ತಪ್ಪಿನ ಚಿಹ್ನೆ ತಿರುಗಿ, ಅಷ್ಟೇ ಹೊತ್ತು ಅಲ್ಲಿರಬೇಕು. ಸ್ಪೀಡ್ ದೊಡ್ಡ ಗುಡ್ಡದ ಹಾಗೆ ಏರಿ ಇಳಿಯುವುದನ್ನು ನೋಡಿ ಗೇನ್ ಜಾಸ್ತಿಯಾಯಿತು ಅಂತ Kp ಇಳಿಸುವವರು ಬಹಳ ಜನ. Kp ಇಳಿಸಿದರೆ ಇದು ಹೋಗುವುದಿಲ್ಲ. ಪರಿಹಾರ ನಾಲ್ಕೈದು ಸಾಲಿನ ಕೋಡ್:

```c
float e = w_ref - w;
float u = Kp * e + integ;
float i_ref = clamp(u, -I_MAX, I_MAX);
if (u == i_ref || e * u < 0)
    integ += Ki * Ts * e;
```

ಮಿತಿ ಮುಟ್ಟಿದಾಗ ಇಂಟಿಗ್ರೇಟರ್ ನಿಲ್ಲುತ್ತೆ, ತಪ್ಪು ಎದುರು ದಿಕ್ಕಿಗೆ ತಿರುಗಿದರೆ ಮಾತ್ರ ಮತ್ತೆ ಚಲಿಸುತ್ತೆ.

ಇಷ್ಟರಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಕೊಂಡಿ ಇದೆ. ಮೋಟಾರ್ 400 rad/s ವೇಗದಲ್ಲಿದ್ದಾಗ ಬ್ಯಾಕ್ ಇಎಂಎಫ್ 20 ವೋಲ್ಟ್, ಮಿಕ್ಕ 4 ವೋಲ್ಟ್‌ಗೆ 0.5 ಓಮ್‌ನಲ್ಲಿ ಹರಿಯುವುದು 8 ಆಂಪಿಯರ್ ಮಾತ್ರ. ಸ್ಪೀಡ್ ಲೂಪ್ 9 ಆಂಪಿಯರ್ ಕೇಳುತ್ತಿದೆ ಅಂದುಕೊಳ್ಳಿ. 10ರ ಮಿತಿ ಮುಟ್ಟಿಲ್ಲ, ಹಾಗಾಗಿ ಮೇಲಿನ ಕೋಡಿಗೆ ಎಲ್ಲಾ ಸರಿ ಇದೆ ಅನಿಸುತ್ತೆ, ಇಂಟಿಗ್ರೇಟರ್ ತುಂಬುತ್ತಲೇ ಇರುತ್ತೆ. ಅದಕ್ಕೆ ಕರೆಂಟ್ ಲೂಪ್ ವೋಲ್ಟೇಜ್ ಮಿತಿಯಲ್ಲಿದ್ದಾಗ ಒಂದು ಫ್ಲಾಗ್ ಎತ್ತಲಿ, ಸ್ಪೀಡ್ ಲೂಪ್ ಅದನ್ನು ನೋಡಿ ತನ್ನ ಇಂಟಿಗ್ರೇಟರನ್ನೂ ಅದೇ ದಿಕ್ಕಿನಲ್ಲಿ ನಿಲ್ಲಿಸಲಿ.

7. ಸ್ಪೀಡ್ ಲೂಪನ್ನು ಪರೀಕ್ಷಿಸಿ

ಸಣ್ಣ ಸ್ಟೆಪ್ ಕೊಡಿ, 100ರಿಂದ 110 rad/s. ಕರೆಂಟ್ ಮಿತಿಯ ಒಳಗೇ ಇರಬೇಕು, ಇಲ್ಲದಿದ್ದರೆ ನೀವು ನೋಡುವುದು ಲೂಪನ್ನಲ್ಲ. ಈ ಗೇನ್‌ಗಳಿಗೆ ಪಿಐ ಝೀರೊದಿಂದಲೇ 12%ನಷ್ಟು ಓವರ್‌ಶೂಟ್ ಬರುತ್ತೆ, ವಿಳಂಬ ಸೇರಿ ಇನ್ನೂ ಸ್ವಲ್ಪ ಜಾಸ್ತಿ. ಇದು ಅಸ್ಥಿರತೆಯ ಲಕ್ಷಣ ಅಲ್ಲ. ಒಂದೇ ಸಲ ಏರಿ ನಯವಾಗಿ ಇಳಿದರೆ ಸರಿ, ಎರಡು ಮೂರು ಅಲೆ ಕಂಡರೆ ಮಾರ್ಜಿನ್ ಇಲ್ಲ. ಓವರ್‌ಶೂಟ್ ಬೇಡವೇ ಬೇಡ ಅಂದರೆ ಗುರಿಯನ್ನು ರ‍್ಯಾಂಪ್ ಮಾಡಿ ಕೊಡಿ, ಗೇನ್ ಮುಟ್ಟಬೇಡಿ.

ನಾನು ಹೆಚ್ಚು ನಂಬುವುದು ಲೋಡ್ ಪರೀಕ್ಷೆಯನ್ನು. ಡ್ರೈವ್ ಕೆಲಸಕ್ಕೆ ಬರುವುದೇ ಲೋಡ್ ಬಿದ್ದಾಗ ಸ್ಪೀಡ್ ಹಿಡಿದು ನಿಲ್ಲಿಸಲು. ಸ್ಪೀಡ್ ಸ್ಥಿರವಾಗಿರುವಾಗ 0.1 N·m ಲೋಡ್ ಒಮ್ಮೆಗೇ ಬಿದ್ದಂತೆ ಮಾಡಿ. ಲೋಡ್ ಹಾಕಲು ಸಲಕರಣೆ ಇಲ್ಲದಿದ್ದರೆ ಸ್ಪೀಡ್ ಲೂಪಿನ ಔಟ್‌ಪುಟ್ಟಿನಿಂದ ಸಾಫ್ಟ್‌ವೇರ್‌ನಲ್ಲೇ 2 ಆಂಪಿಯರ್ ಕಳೆಯಿರಿ, ಮೋಟಾರಿಗೆ ಎರಡೂ ಒಂದೇ. ಇಂಟಿಗ್ರೇಟರ್ ಇಲ್ಲದಿದ್ದರೆ ಸ್ಪೀಡ್ 2/0.503, ಅಂದರೆ 4 rad/s ಕೆಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಇಂಟಿಗ್ರೇಟರ್ ಇರುವುದರಿಂದ ಸುಮಾರು 3 rad/s ಇಳಿದು, ಸುಮಾರು 17 ಮಿಲಿಸೆಕೆಂಡ್‌ಗೆ ತಳ ಮುಟ್ಟಿ, ವಾಪಸ್ ಏರಬೇಕು. 30 ಆರ್‌ಪಿಎಂ ಕುಸಿತ. ವಿಳಂಬದಿಂದ ಈ ಸಂಖ್ಯೆಗಳು ತುಸು ಅತ್ತಿತ್ತ ಆಗುತ್ತವೆ, ದುಪ್ಪಟ್ಟು ಆಗಬಾರದು. ಈ ಕುಸಿತ ನಿಮ್ಮ ಕೆಲಸಕ್ಕೆ ನಡೆಯುತ್ತೆ ಅಂದರೆ 20 ಹರ್ಟ್ಸ್ ಸಾಕು, ಅಲ್ಲಿಗೇ ಬಿಡಿ. ಅರ್ಧ ಮಾಡಬೇಕು ಅಂದರೆ 40 ಹರ್ಟ್ಸ್ ಬೇಕು, ಆಗ ಮೇಲೆ ಹೇಳಿದ ಎನ್‌ಕೋಡರ್ ಕೆಲಸಕ್ಕೆ ಕೈ ಹಾಕಬೇಕು.

8. ಲೋಡ್ ಬದಲಾದರೆ

ಸ್ಪೀಡ್ Kp ಒಳಗೆ J ಕೂತಿದೆ. ಹಾಗಾಗಿ J ಬದಲಾದರೆ ಬ್ಯಾಂಡ್‌ವಿಡ್ತ್ ಬದಲಾಗುತ್ತೆ, ನೀವು ಕೋಡಿನಲ್ಲಿ ಒಂದಕ್ಷರ ಮುಟ್ಟದಿದ್ದರೂ. J ದುಪ್ಪಟ್ಟಾದರೆ 10 ಹರ್ಟ್ಸ್‌ಗೆ ಇಳಿಯುತ್ತೆ. ವಿಳಂಬ ತಿನ್ನುವುದು 10 ಡಿಗ್ರಿ, ಝೀರೊ ಹತ್ತಿರವಾಗಿದ್ದರಿಂದ ಅದು 22, ಮಾರ್ಜಿನ್ ಇನ್ನೂ 58ರ ಹತ್ತಿರ. ನಿಧಾನ ಆಗುತ್ತೆ, ತೊಂದರೆ ಇಲ್ಲ.

ತೊಂದರೆ ಇರುವುದು ಎದುರು ದಿಕ್ಕಿನಲ್ಲಿ. ರಿಪೇರಿಗೆ ಅಂತ ಕಪ್ಲಿಂಗ್ ಬಿಚ್ಚಿ, ಬರೀ ಮೋಟಾರನ್ನು ಅದೇ ಗೇನ್‌ನಲ್ಲಿ ಓಡಿಸಿದಿರಿ ಅಂದುಕೊಳ್ಳಿ. ರೋಟರ್ J ಒಂದೇ ಉಳಿಯಿತು, 0.5e-4, ನಾಲ್ಕನೇ ಒಂದು ಭಾಗ. ಬ್ಯಾಂಡ್‌ವಿಡ್ತ್ 80 ಹರ್ಟ್ಸ್‌ಗೆ ಹಾರುತ್ತೆ, ವಿಳಂಬ 77 ಡಿಗ್ರಿ ತಿನ್ನುತ್ತೆ, ಮಾರ್ಜಿನ್ ಸುಮಾರು 10 ಡಿಗ್ರಿ. ಟೇಬಲ್ ಮೇಲೆ ಮೋಟಾರ್ ನಡುಗಿ ಕಿರುಚುತ್ತೆ, ಮೋಟಾರೋ ಡ್ರೈವೋ ಕೆಟ್ಟಿದೆ ಅಂತ ಬದಲಾಯಿಸುತ್ತಾರೆ. ಎರಡೂ ಚೆನ್ನಾಗೇ ಇರುತ್ತವೆ.

ಅದಕ್ಕೆ ಲೋಡ್ ಬದಲಾಗುವ ಯಂತ್ರ ಆದರೆ ಇರಬಹುದಾದ ಅತಿ ಚಿಕ್ಕ J ತೆಗೆದುಕೊಂಡು Kp ಲೆಕ್ಕ ಹಾಕಿ, ಅತಿ ದೊಡ್ಡ J ತೆಗೆದುಕೊಂಡು ಝೀರೊ ಎಲ್ಲಿರಬೇಕು ಅಂತ ನೋಡಿ. ಎರಡರ ನಡುವೆ ನಾಲ್ಕೈದು ಪಟ್ಟಿಗಿಂತ ಜಾಸ್ತಿ ಅಂತರ ಇದ್ದರೆ ಒಂದೇ ಜೊತೆ ಗೇನ್‌ನಲ್ಲಿ ಎರಡೂ ಕಡೆ ಒಳ್ಳೆಯ ಫಲಿತಾಂಶ ಸಿಗುವುದು ಕಷ್ಟ. ಯಂತ್ರ ಯಾವ ಸ್ಥಿತಿಯಲ್ಲಿದೆ ಅನ್ನುವುದು ಪ್ರೋಗ್ರಾಮಿಗೆ ಗೊತ್ತಿದ್ದರೆ ಎರಡು ಜೊತೆ ಗೇನ್ ಇಟ್ಟು ಬದಲಾಯಿಸಿಕೊಳ್ಳಿ. ಬದಲಾಯಿಸುವ ಕ್ಷಣದಲ್ಲಿ ಇಂಟಿಗ್ರೇಟರ್ ಒಳಗೆ ಇರುವುದು ಆಂಪಿಯರ್‌ನಲ್ಲೇ ಇರಲಿ, ಮೇಲಿನ ಕೋಡಿನಲ್ಲಿರುವಂತೆ Ki ಒಳಗೇ ಗುಣಿಸಿ ಕೂಡಿಸಿದ್ದರೆ ಕರೆಂಟ್ ದೊಡ್ಡದಾಗಿ ಹಾರುವುದಿಲ್ಲ.